ಗೆಜ್ಜೆ ಕಾಲಿನ ಹಿಂದೆ ಹದಿನೈದು ವರ್ಷ

ನಿನ್ನೆ ಉಡುಪಿಯ ಮನೆಯಲ್ಲಿ ಅಮ್ಮನಿಗೆ ಬೇಸರವೋ ಬೇಸರ. ಧಾರಾವಾಹಿಯ ಪುಟ್ಟ ಹುಡುಗಿ ಮೆಟ್ಟಿಲು ಹತ್ತುತ್ತಿದ್ದಳು, ಕ್ಯಾಮೆರಾ ಗೆಜ್ಜೆ ಕಾಲಿಗೆ ಇಳಿಯಿತು, ಮೇಲೇರಿದಾಗ ಬೇರೆಯೇ ಮುಖ: ‘ಹದಿನೈದು ವರ್ಷಗಳ ನಂತರ’. 2010ರಲ್ಲಿ ಹಿಂದಿಯ ‘ಬಾಲಿಕಾ ವಧು’ವಿನಲ್ಲಿಯೂ ಆನಂದಿಯ ಪಾತ್ರ ಅವಿಕಾ ಗೋರ್ ಅವರಿಂದ ಪ್ರತ್ಯೂಷಾ ಬ್ಯಾನರ್ಜಿ ಅವರಿಗೆ ದಾಟಿತ್ತು.

ಇದರ ಹಿಂದೆ ಕಥೆಯಷ್ಟೇ ಅಲ್ಲ, ಗಂಟೆಗಳ ಲೆಕ್ಕವೂ ಇರುತ್ತದೆ ಎಂದು ನನಗನಿಸುತ್ತದೆ. 2017ರ ಕೇಂದ್ರ ಬಾಲಕಾರ್ಮಿಕ ನಿಯಮದಂತೆ ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ನಟಿಸುವಂತಿಲ್ಲ. ಮಗುವೇ ಕೇಂದ್ರವಾದರೆ ದಿನಕ್ಕೊಂದು ಕಂತು ಮುಗಿಸುವುದು ಕಷ್ಟ. ದೊಡ್ಡವರು ಬಂದರೆ ಆ ಮಿತಿಯಿಲ್ಲ. ನಿಯಮ ಸರಿಯಾಗಿಯೇ ಇದೆ. ಆದರೆ ವರ್ಷಗಟ್ಟಲೆ ಕಥೆ ಹೊತ್ತ ಆ ಮಗುವಿನ ನಿಜವಾದ ಹೆಸರನ್ನು ಕೊನೆಯ ಕಂತಿನಲ್ಲಾದರೂ ತೆರೆಯ ಮೇಲೆ ತೋರಿಸಿ ಬೀಳ್ಕೊಡಬಾರದೇ?