ನೋಟ್‌ಬುಕ್ಕಿನ ಕೊನೆ ಪುಟ

ಇವತ್ತು ಮಂಡ್ಯದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹತ್ತನೇ ಕ್ಲಾಸಿನ ಅವಳ ಮಗ, "ಮಾವ, ನಾನು ಬೈಕ್ ವ್ಲಾಗರ್ ಆಗ್ತೀನಿ" ಅಂದ. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಉದ್ದದ ವಿಡಿಯೊಗಳಿಗೆ ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಪಾಲು ಕೊಡಬೇಕಾದರೆ 1000 ಸಬ್‌ಸ್ಕ್ರೈಬರ್ಸ್ ಬೇಕು. ಜೊತೆಗೆ 12 ತಿಂಗಳಲ್ಲಿ ಜನ 4000 ಗಂಟೆ ನೋಡಿರಬೇಕು. ಒಂದು ಸಲಕ್ಕೆ ಮೂರು ನಿಮಿಷ ನೋಡಿದರೆ? ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಅವನೇ ಭಾಗಿಸಿದ. 80,000 ಸಲ. ಅದೂ ಬರೀ ಶುರುವಾಗೋದಕ್ಕೆ.

ಮೆಚ್ಚಿನ ವ್ಲಾಗರ್‌ನ ಹೆಲ್ಮೆಟ್ ಕ್ಯಾಮೆರಾ ಯಾವುದು ಅಂತ ಅವನಿಗೆ ಗೊತ್ತು. ಎಡಿಟಿಂಗ್ ಯಾರದು, ಪೆಟ್ರೋಲ್ ಖರ್ಚು ಯಾರದು, ಗೊತ್ತಿಲ್ಲ. ವಿಡಿಯೊದಲ್ಲಿ ಅದು ಕಾಣುವುದೇ ಇಲ್ಲ, ಅಲ್ವಾ. ಅವನ ಆಸೆ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಆ ಕೆಲಸವನ್ನ ಹತ್ತಿರದಿಂದ ನೋಡಿಲ್ಲ, ಅಷ್ಟೇ.

ಮದುವೆ ವಿಡಿಯೊ ಎಡಿಟ್ ಮಾಡುವ ನಮ್ಮ ಬೀದಿ ಅಣ್ಣನ ಹತ್ತಿರ ಶನಿವಾರ ಕೂರಿಸ್ತೀನಿ ಅಂದೆ.

"ಕಟ್ ಮಾಡೋಕೆ ನನಗೂ ಬಿಡ್ತಾರಾ ಮಾವ?" ಅಂತ ಕೇಳಿದ.