ನಾಲ್ಕನೇ ಪಟ್ಟಿ

ಶನಿವಾರ, 14 ಜೂನ್ 2025

ರಾತ್ರಿ ಎರಡೂವರೆಗೆ ಟಣ್ ಅಂತ ಶಬ್ದ. ಎದ್ದು ಹೋಗಿ ನೋಡಿದರೆ ಅಪ್ಪನ ಕೋಣೆಯ ಲೂವರ್ ಕಿಟಕಿಯಲ್ಲಿ ಮೇಲಿಂದ ನಾಲ್ಕನೇ ಪಟ್ಟಿ ಒಂದು ಕಡೆ ಕಳಚಿ, ಐದನೆಯದರ ಮೇಲೆ ಓರೆಯಾಗಿ ಬಿದ್ದಿದೆ. ಅಪ್ಪ ಎಚ್ಚರವಾಗೇ ಇದ್ದ. "ಬಿತ್ತಾ? ಬೀಳುತ್ತೆ ಅಂತ ಗೊತ್ತಿತ್ತು" ಅಂದ. ಗೊತ್ತಿದ್ದ ಮೇಲೆ ಹೇಳಬೇಕಲ್ವಾ! ನೋಡಿದರೆ ಬಲಗಡೆ ಸಂದಿನಲ್ಲಿ ಮಡಚಿದ ಕಾಗದ ತುರುಕಿದ್ದಾನೆ. ಒಂದು ತಿಂಗಳಿಂದ ಹೀಗೇ ನಡೆಸಿದ್ದಾನಂತೆ.

ಬೆಳಗ್ಗೆ ಕೂತು ನೋಡಿದೆ. ಅಲ್ಯೂಮಿನಿಯಂ ಪಟ್ಟಿಯ ಒಂದು ಮೂಲೆ ಬಿದ್ದ ರಭಸಕ್ಕೆ ಸೊಟ್ಟಗಾಗಿದೆ. ಎಡಗಡೆಯ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಪಟ್ಟಿ ಕೆಳಗೆ ಜಾರದಂತೆ ತಡೆಯುವ ಸಣ್ಣ ನಾಲಿಗೆ ಮುರಿದು ಹೋಗಿದೆ. ಉಗುರಿನಿಂದ ಕೆರೆದರೆ ಬಿಳಿ ಪುಡಿ ಬರುತ್ತೆ. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಹಾಗೇ. ಸರಿ, ಕ್ಲಿಪ್ ಹಳೆಯದಾಯ್ತು, ಮುರೀತು, ಪಟ್ಟಿ ಬಿತ್ತು ಅಂದುಕೊಂಡೆ.

ಆದರೆ ಕಳಚಿಕೊಂಡಿದ್ದು ಬಲಗಡೆ. ಮುರಿದಿದ್ದು ಎಡಗಡೆ. ಇದು ತಲೆ ತಿನ್ನತೊಡಗಿತು.

ಅಪ್ಪನ ವಾದ ಬೇರೆ. "ಲೋಹ ಕಣೇ, ಬಿಸಿಲಿಗೆ ಹಿಗ್ಗುತ್ತೆ, ತಂಪಿಗೆ ಕುಗ್ಗುತ್ತೆ. ಕುಗ್ಗಿದಾಗ ಜಾರುತ್ತೆ. ಅದಕ್ಕೇ ರಾತ್ರಿ ಬಿದ್ದಿದ್ದು." ಕೇಳೋಕೆ ಚೆನ್ನಾಗಿತ್ತು. ಲೆಕ್ಕ ಹಾಕಿದೆ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ 0.023 ಮಿಮೀ ಹಿಗ್ಗುತ್ತೆ. ನಮ್ಮ ಪಟ್ಟಿ ಹೆಚ್ಚುಕಮ್ಮಿ 600 ಮಿಮೀ. ಹಗಲು ರಾತ್ರಿಗೆ 30 ಡಿಗ್ರಿ ವ್ಯತ್ಯಾಸ ಅಂತಲೇ ಇಟ್ಟುಕೊಂಡರೂ 0.4 ಮಿಮೀ. ಅರ್ಧ ಮಿಲಿಮೀಟರೂ ಇಲ್ಲ. ಅಷ್ಟಕ್ಕೆ ಯಾವ ಪಟ್ಟಿಯೂ ಕಳಚಲ್ಲ ಅಂದೆ. ಅಪ್ಪ ಪೇಪರ್ ಓದತೊಡಗಿದ. ಸೋತಾಗ ಅವನು ಮಾಡುವುದೇ ಅದು.

ಟೇಪ್ ತಂದು ಅಳೆದೆ. ಪಟ್ಟಿಯ ಉದ್ದ 590. ಆಮೇಲೆ ಎಡ ಕ್ಲಿಪ್ಪಿನ ಸಂದಿನ ತಳದಿಂದ ಬಲ ಕ್ಲಿಪ್ಪಿನ ಸಂದಿನ ತಳಕ್ಕೆ ಮೂರು ಕಡೆ ಅಳೆದೆ. ಮೇಲೆ 594. ಕೆಳಗೆ 595. ನಡುವೆ, ಈ ನಾಲ್ಕನೇ ಪಟ್ಟಿಯ ಜಾಗದಲ್ಲಿ, 599!

ಅಲ್ಲೇ ಎಲ್ಲ ಇತ್ತು. ಕ್ಲಿಪ್ ಪಟ್ಟಿಯ ತುದಿಯನ್ನು ಹಿಡಿಯುವುದು ಬರೀ 8 ಮಿಮೀ ಆಳ. ಮೇಲಿನ ಪಟ್ಟಿಗೆ ಓಡಾಡೋಕೆ 4 ಮಿಮೀ ಜಾಗ. ಅದು ಪೂರ್ತಿ ಎಡಕ್ಕೆ ಸರಿದರೂ ಬಲಗಡೆ ಇನ್ನೂ 4 ಮಿಮೀ ಹಿಡಿತ ಉಳಿಯುತ್ತೆ. ನಡುವಿನ ಪಟ್ಟಿಗೆ 9 ಮಿಮೀ ಜಾಗ. ಅದು ಎಡಕ್ಕೆ ಸರಿದರೆ ಬಲತುದಿ ಕ್ಲಿಪ್ಪಿನಿಂದ 1 ಮಿಮೀ ಆಚೆ ಬಂದುಬಿಡುತ್ತೆ. ಗಾಳಿಗೆ ಪಟ್ಟಿ ಕಡಕಡ ಅನ್ನುತ್ತಾ ದಿನಕ್ಕಿಷ್ಟು ಸರಿದಿದೆ. ಒಂದು ದಿನ ಬಲಗೈ ಬಿಟ್ಟಿದೆ. ಇಡೀ ಪಟ್ಟಿ ಎಡಗಡೆಯ ಮುದಿ ಕ್ಲಿಪ್ಪಿಗೆ ಜೋತು ಬಿದ್ದಿದೆ. ಆಗ ನಾಲಿಗೆ ಮುರಿದಿದೆ. ಕ್ಲಿಪ್ ಮುರಿದು ಪಟ್ಟಿ ಬಿದ್ದಿದ್ದಲ್ಲ, ಪಟ್ಟಿ ಬಿದ್ದು ಕ್ಲಿಪ್ ಮುರಿದಿದ್ದು. ಸುಮ್ನೆ ಹೊಸ ಕ್ಲಿಪ್ ಹಾಕಿದ್ದರೆ ಅದೂ ಮುರಿಯುತ್ತಿತ್ತು.

ನಡುವೆ ಮಾತ್ರ ಯಾಕೆ ಅಗಲವಾಯ್ತು? ಕ್ಲಿಪ್ಪುಗಳು ಕೂತಿರುವ ಬಲಗಡೆಯ ಉದ್ದ ಚಾನೆಲ್‌ಗೆ ಸ್ಕೇಲ್ ಹಿಡಿದೆ. ಬಿಲ್ಲಿನ ಹಾಗೆ ಬಾಗಿದೆ. ನಡುವಿನ ಸ್ಕ್ರೂ ಅದನ್ನು ಚೌಕಟ್ಟಿನ ಕಡೆಗೆ ಎಳೆದುಕೊಂಡಿದೆ. ಮರದ ಚೌಕಟ್ಟು ಅಲ್ಲಿ ಒಳಕ್ಕೆ ತಗ್ಗಿದೆ, ಹಿಂದೆ ಟೊಳ್ಳು ಜಾಗವಿದೆ. ಸ್ಕ್ರೂ ಬಿಗಿಯಾದಷ್ಟೂ ಚಾನೆಲ್ ತಗ್ಗಿಗೆ ಹೋಗಿ ಕೂತಿದೆ.

ಹೋದ ವರ್ಷ "ಕಿಟಕಿ ಶಬ್ದ ಮಾಡುತ್ತೆ" ಅಂತ ಆ ಸ್ಕ್ರೂ ಬಿಗಿ ಮಾಡಿದ್ದು ಯಾರು? ನಾನೇ. ಎರಡೂ ಕೈ ಹಾಕಿ, ಇನ್ನು ತಿರುಗಲ್ಲ ಅನ್ನುವವರೆಗೆ. ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಇಲ್ಲಿ ಓದಿದರೆ ಓದಲಿ.

ಪಟ್ಟಿ ಸೊಟ್ಟಗಾಗಿದ್ದಕ್ಕೆ ಹೊಸದು ಬೇಕಿತ್ತು. ಅಪ್ಪನೇ ಕೇಳಿದ, "ಅಲ್ಲಿ ಗಾಜು ಹಾಕಕ್ಕಾಗಲ್ವಾ?" ಯಾಕೆ ಅಂದೆ. "ಕಿಟಕಿ ಮುಚ್ಚಿದರೆ ಡಬ್ಬಿಯೊಳಗೆ ಕೂತ ಹಾಗಾಗುತ್ತೆ. ಕುರ್ಚಿಯಲ್ಲಿ ಕೂತರೆ ಆ ಪಟ್ಟಿ ಸರಿಯಾಗಿ ಕಣ್ಣಿನ ಎದುರಿಗೆ ಬರುತ್ತೆ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎಷ್ಟು ವರ್ಷದಿಂದ ಆ ಕುರ್ಚಿಯಲ್ಲಿ ಕೂತು ಅಲ್ಯೂಮಿನಿಯಂ ನೋಡುತ್ತಿದ್ದಾನೆ! ಕಾಗದ ತುರುಕಿ ಸುಮ್ಮನಿದ್ದಿದ್ದೂ ಅದಕ್ಕೇ ಇರಬಹುದು. ಓರೆಯಾದ ಸಂದಿನಿಂದ ಚೂರು ಬೆಳಕು ಬರುತ್ತಿತ್ತಲ್ಲ.

ಕ್ಲಿಪ್ಪಿನ ಸಂದು 6 ಮಿಮೀ. ನಮ್ಮ ಅಲ್ಯೂಮಿನಿಯಂ ಪಟ್ಟಿ ಟೊಳ್ಳಾದರೂ ದಪ್ಪ ಅಷ್ಟೇ. ಹಾಗಾಗಿ 6 ಮಿಮೀ ಗಾಜು ಅದೇ ಬಗೆಯ ಕ್ಲಿಪ್ಪಿನಲ್ಲಿ ಕೂರುತ್ತೆ. ಆದರೆ ಗಾಜಿನ ಅಳತೆ ಕೊಡುವ ಮುಂಚೆ ಚಾನೆಲ್ ನೆಟ್ಟಗಾಗಬೇಕು. ಮೊದಲು ಗಾಜು ಕತ್ತರಿಸಿಕೊಂಡು ಬಂದು ಆಮೇಲೆ ಚಾನೆಲ್ ಸರಿ ಮಾಡಿದರೆ ಗಾಜು ಒಳಗೇ ಹೋಗಲ್ಲ.

ಪಟ್ಟಿಗಳನ್ನೆಲ್ಲ ಬಿಚ್ಚಿದೆ. ಹಿಡಿ ತಿರುಗಿಸಿ ಎಲ್ಲವನ್ನೂ ಅಡ್ಡ ಮಲಗಿಸಿ, ಎರಡೂ ತುದಿಯ ನಾಲಿಗೆಯನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಒಂಚೂರು ಒತ್ತಿ ಹಿಡಿದು ಮುಂದಕ್ಕೆ ಎಳೆದರೆ ಬರುತ್ತೆ. ಒಬ್ಬಳೇ ಮಾಡುವ ಕೆಲಸ ಅಲ್ಲ. ಅಪ್ಪ ಇನ್ನೊಂದು ತುದಿ ಹಿಡಿದ. ಚಾನೆಲ್ ಬಿಚ್ಚಿ, ಬಲಗಡೆಯ ನಡುವಿನ ಸ್ಕ್ರೂ ಜಾಗದಲ್ಲಿ 4 ಮಿಮೀ ದಪ್ಪದ ಪ್ಲಾಸ್ಟಿಕ್ ತುಂಡು ಹಿಂದೆ ಕೊಟ್ಟು ಮತ್ತೆ ಕೂರಿಸಿದೆ. ಸ್ಕ್ರೂ ಈ ಸಲ ಎರಡೇ ಬೆರಳಲ್ಲಿ. ಅಳೆದರೆ ನಡುವೆಯೂ 595. ಅದರಲ್ಲಿ 3 ಕಳೆದು ಗಾಜು 592 ಉದ್ದ, 152 ಅಗಲ ಅಂತ ಬರೆದುಕೊಟ್ಟೆ. ಪೂರ್ತಿ ಒಂದು ಕಡೆಗೆ ಸರಿದರೂ ಇನ್ನೊಂದು ಕಡೆ 5 ಮಿಮೀ ಹಿಡಿತ ಇರುತ್ತೆ. ಉದ್ದದ ಎರಡೂ ಅಂಚು ಉಜ್ಜಿಸಿಕೊಂಡೆ, ಒರೆಸುವಾಗ ಕೈ ತಾಗುವುದು ಅಲ್ಲೇ.

ಕ್ಲಿಪ್ ಹುಡುಕಿದ್ದೇ ದೊಡ್ಡ ಕಥೆ. ಹೊರಗಿಂದ ನೋಡಿದರೆ ಎಲ್ಲ ಒಂದೇ. ಹಿಂದೆ ಎರಡು ಗುಬುಟು ಇರುತ್ತವೆ. ಒಂದು ಚಾನೆಲ್ಲಿನ ತೂತಿನಲ್ಲಿ ತಿರುಗುತ್ತೆ. ಇನ್ನೊಂದು ಒಳಗೆ ಮೇಲೆ ಕೆಳಗೆ ಆಡುವ ಸರಳಿಗೆ ಸಿಕ್ಕಿಕೊಳ್ಳುತ್ತೆ. ಈ ಎರಡರ ನಡುವಿನ ಅಂತರ ಒಂಚೂರು ಬೇರೆಯಾದರೂ ಆ ಒಂದು ಪಟ್ಟಿ ಮಾತ್ರ ಬೇರೆ ಓರೆಯಲ್ಲಿ ನಿಲ್ಲುತ್ತೆ. ಎಡದ್ದು ಬಲದ್ದು ಬೇರೆ ಬೇರೆ, ಕನ್ನಡಿಯಲ್ಲಿ ಕಂಡ ಹಾಗೆ. ಹಳೆಯ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಿಯೇ ತಂದೆ. ನಾಲ್ಕನೆಯದಕ್ಕೂ ಐದನೆಯದಕ್ಕೂ ಎರಡೆರಡು.

ನಮ್ಮದು ಒತ್ತಿ ಕೂರಿಸುವ ಬಗೆ, ರಿವೆಟ್ ಇಲ್ಲ. ರಿವೆಟ್ ಇದ್ದರೆ ಡ್ರಿಲ್ ಬೇಕಾಗುತ್ತಿತ್ತು. ಒಂದು ತೆಗೆದು ಅದರ ಜಾಗಕ್ಕೆ ಒಂದು ಹಾಕಿ, ಆಮೇಲೆ ಇನ್ನೊಂದಕ್ಕೆ ಹೋದೆ. ಎಲ್ಲ ಒಟ್ಟಿಗೆ ತೆಗೆದರೆ ಒಳಗಿನ ಸರಳು ಜಾರಿ ಯಾವ ತೂತು ಯಾವುದಕ್ಕೆ ಅನ್ನೋದೇ ಮರೆತು ಹೋಗುತ್ತೆ.

ಗಾಜು ಕೈಯಲ್ಲಿ ಹಿಡಿದಾಗ ಭಯ ಆಯ್ತು. 1.35 ಕೆಜಿ. ಅಲ್ಯೂಮಿನಿಯಂ ಪಟ್ಟಿ ಇದರ ಅರ್ಧವೂ ಇಲ್ಲ. ವಿಚಿತ್ರ ಅಂದರೆ ಅಲ್ಯೂಮಿನಿಯಂ ಗಾಜಿಗಿಂತ ಹಗುರವಾದ ವಸ್ತುವೇ ಅಲ್ಲ, ಸ್ವಲ್ಪ ಜಾಸ್ತಿಯೇ ಭಾರ. ಪಟ್ಟಿ ಟೊಳ್ಳು, ಅದಕ್ಕೇ ಹಗುರ.

ಭಾರಕ್ಕಿಂತ ಹೆದರಿಸಿದ್ದು ಇನ್ನೊಂದು. ನಮ್ಮ ಕಿಟಕಿಯಲ್ಲಿ ಹಿಡಿ ಇರುವುದು ಎಡಗಡೆ ಮಾತ್ರ. ಬಲಗಡೆಯ ಚಾನೆಲ್ಲಿನ ಕ್ಲಿಪ್ಪುಗಳನ್ನು ತಿರುಗಿಸುವುದು ಪಟ್ಟಿಗಳೇ. ಬಲಗಡೆ ಬಿಗಿಯಾಗಿದ್ದರೆ ಪಟ್ಟಿ ತಿರುಚಿಕೊಳ್ಳುತ್ತೆ. ಅಲ್ಯೂಮಿನಿಯಂ ಸುಮ್ಮನೆ ತಿರುಚಿಕೊಂಡು ಸಹಿಸುತ್ತೆ, ಗಾಜು ಸಹಿಸಲ್ಲ, ಮೂಲೆಯಿಂದ ಬಿರುಕು ಬಿಡುತ್ತೆ. ಹಾಗಾಗಿ ಮೊದಲು ಉಳಿದ ಏಳು ಅಲ್ಯೂಮಿನಿಯಂ ಪಟ್ಟಿ ಹಾಕಿದೆ. ಹಿಡಿ ಅರ್ಧಕ್ಕೆ ನಿಲ್ಲಿಸಿ ನೋಡಿದರೆ ಬಲಗಡೆ ಒಂಚೂರು ಹಿಂದೆ ಉಳಿದಿದೆ. ಚಾನೆಲ್ಲಿನೊಳಗೆ ವರ್ಷಗಟ್ಟಲೆ ಧೂಳು. ಬ್ರಷ್‌ನಿಂದ ತೆಗೆದು, ಸಿಲಿಕೋನ್ ಸ್ಪ್ರೇ ಹೊಡೆದೆ. ಎಣ್ಣೆ ಹಾಕಲಿಲ್ಲ, ಧೂಳು ಮತ್ತೆ ಅಂಟುತ್ತೆ. ನಾಲ್ಕೈದು ಸಲ ಆಡಿಸಿದ ಮೇಲೆ ಎರಡೂ ಕಡೆ ಒಟ್ಟಿಗೆ ತಿರುಗಿದವು.

ಆಮೇಲೆ ಗಾಜು. ಎರಡೂ ಕಡೆಯ ಕ್ಲಿಪ್ಪಿಗೆ ಒಟ್ಟಿಗೆ ತುದಿ ಕೊಟ್ಟು, ಅಪ್ಪ ಬಲಗಡೆ, ನಾನು ಎಡಗಡೆ, ಮೆಲ್ಲಗೆ ಒಳಕ್ಕೆ ದೂಡಿದೆವು. ಟಕ್ ಅಂತ ಒಂದು ನಾಲಿಗೆ, ಒಂದು ಗಳಿಗೆ ಬಿಟ್ಟು ಇನ್ನೊಂದು. "ಬಿಡಲಾ?" ಅಂದ. "ಬಿಡು." ಬಿಟ್ಟ. ನಿಂತಿತು.

ಸಂಜೆ ಕಿಟಕಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಒಂದು ಗೇಣು ಅಗಲವೂ ಇಲ್ಲದ ಆಕಾಶ. ಏನು ಕಾಣುತ್ತೆ ಅಂದೆ. "ತಂತಿ" ಅಂದ. ಸ್ವಲ್ಪ ಹೊತ್ತಾದ ಮೇಲೆ, "ತಂತಿ ಮೇಲೆ ಎರಡು ಹಕ್ಕಿ."

ಈಗ ರಾತ್ರಿ ಹನ್ನೊಂದು. ಹೊರಗೆ ಗಾಳಿ ಇದೆ, ಶಬ್ದ ಇಲ್ಲ. ಹೋಗಿ ಟಾರ್ಚ್ ಹಾಕಿ ನೋಡಿ ಬಂದೆ. ನಾಲ್ಕು ಸರಿಯಾಗಿದೆ, ಐದೂ ಸರಿಯಾಗಿದೆ. ಮೂರನೆಯದರ ಎಡ ಕ್ಲಿಪ್ಪಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿಳಿ ಗೆರೆ ಕಂಡಿತು. ಬೆಳಗ್ಗೆ ಇರಲಿಲ್ಲ ಅನ್ನಿಸುತ್ತೆ, ಅಥವಾ ಧೂಳಿನಲ್ಲಿ ಕಾಣಲಿಲ್ಲವೋ. ತಂದ ನಾಲ್ಕು ಕ್ಲಿಪ್ಪೂ ಮುಗಿದಿವೆ. ಅಪ್ಪ ಮಡಚಿದ್ದ ಕಾಗದ ಮಾತ್ರ ಮೇಜಿನ ಮೇಲೆ ಇನ್ನೂ ಇದೆ.