‘ಹಾನೆ’ಯ ಹಕಾರವನ್ನು ಇಂಗ್ಲಿಷಿಗೆ ದಾಟಿಸಿದ ಬಗೆ

“ಚಿಕ್ಕ ಮಗುವಿನ ಡೈರಿಯಲ್ಲಿರುವ ಕಾಗುಣಿತದ ತಪ್ಪುಗಳನ್ನು ತಿದ್ದಿ ಅನುವಾದಿಸಿದರೆ ಸಾಲದೇ? ಅವನ್ನು ಇಂಗ್ಲಿಷಿಗೆ ತರುವುದಾದರೂ ಹೇಗೆ?”

ಸಾಲದು. ಯಾಕೆಂದು ಒಂದೇ ಪುಟವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಮಂಡ್ಯ ಕಡೆಯ ಹಳ್ಳಿಯೊಂದರ ಮೂರನೇ ತರಗತಿಯ ಹುಡುಗ ಊರಹಬ್ಬದ ದಿನ ಬರೆದದ್ದು ಇದು: “ಅಜ್ಜಿ ಬಿಸಿ ಆಲು ಕೊಟ್ಟರು. ದೇವರ ಮುಂದೆ ಹಾನೆ ಬತು. ನಾನು ಹಾನೆ ನೋಡಿದೆ. ಬಯ ಆಯಿತು.”

ಇಲ್ಲಿರುವ ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ಹಾಗಾಗಿ ಅನುವಾದಕ್ಕೆ ಕೈ ಹಾಕುವ ಮೊದಲು ಪುಟವನ್ನು ಇದ್ದದ್ದು ಇದ್ದ ಹಾಗೆ ಕೈಯಲ್ಲೇ ನಕಲು ಮಾಡುತ್ತೇನೆ; ಮೊಬೈಲಿನಲ್ಲಿ ಬರೆದರೆ ಅದು ತಾನಾಗಿಯೇ ತಿದ್ದಿಬಿಡುವ ಅಪಾಯವಿದೆ. ಆಮೇಲೆ, ಸಾಧ್ಯವಾದರೆ, ಬರೆದ ಮಗುವಿನಿಂದಲೇ ಪುಟವನ್ನು ಓದಿಸುತ್ತೇನೆ. ಈ ಹುಡುಗ ‘ಬತು’ ಇದ್ದಲ್ಲಿ ‘ಬಂತು’ ಎಂದೇ ಓದಿದ. ಬೇರೆ ಸಾಲುಗಳಲ್ಲಿ ‘ಅಂಗಡಿ’, ‘ಬಂದರು’ ಎಂಬಲ್ಲೆಲ್ಲ ಸೊನ್ನೆ ಸರಿಯಾಗಿಯೇ ಇತ್ತು. ಅಂದರೆ ಅದು ಕೈತಪ್ಪು. ಅದನ್ನು ಸದ್ದಿಲ್ಲದೆ ಸರಿಪಡಿಸಿದೆ.

‘ಆಲು’ ಹಾಗಲ್ಲ. ಆ ಭಾಗದ ಎಷ್ಟೋ ಮನೆಗಳ ಮಾತಿನಲ್ಲಿ ಹಕಾರವೇ ಇಲ್ಲ. ಹಳಗನ್ನಡದ ‘ಪಾಲ್’ ಮುಂದೆ ‘ಹಾಲು’ ಆಯಿತು, ಇವನ ಬಾಯಲ್ಲಿ ‘ಆಲು’ ಆಗಿದೆ. ‘ಹಾನೆ’ ಇದಕ್ಕೂ ದೊಡ್ಡ ಸಾಕ್ಷಿ. ಆನೆಗೆ ಯಾವ ಕಾಲದಲ್ಲೂ ಹಕಾರ ಇರಲಿಲ್ಲ, ಓದುವಾಗ ಹುಡುಗನೂ ‘ಆನೆ’ ಎಂದೇ ಅಂದ. ಶಾಲೆಯಲ್ಲಿ ‘ಹ’ ಬಿಟ್ಟೆಯೆಂದು ತಿದ್ದಿಸಿಕೊಂಡಿರುವ ಮಗು, ಎಲ್ಲಿ ಹಾಕಬೇಕೆಂದು ಕಿವಿಗೆ ತಿಳಿಯದೆ, ಇಲ್ಲಿಯೂ ಇರಲಿ ಎಂದು ಹಾಕಿದೆ. ಇಡೀ ಪುಟದಲ್ಲಿ ತಪ್ಪದೆ ‘ಹ’ ಬಿದ್ದಿರುವ ಪದ ‘ಹೆಸರು’ ಒಂದೇ. ಪ್ರತಿ ನೋಟ್‌ಬುಕ್ಕಿನ ಮೇಲೂ ಅಚ್ಚಾಗಿರುವ ಪದ ಅದು. ಮನೆಯ ನಾಲಿಗೆಗೂ ಶಾಲೆಯ ಅಕ್ಷರಕ್ಕೂ ನಡುವೆ ಹುಡುಗ ಪಡುತ್ತಿರುವ ಪಾಡು ಈ ಎರಡು ಪದಗಳಲ್ಲಿದೆ. ಇದನ್ನು ಅಳಿಸಲು ನನಗೆ ಮನಸ್ಸು ಬರುವುದಿಲ್ಲ.

ಇಂಗ್ಲಿಷಿನಲ್ಲಿಯೂ ಎಚ್ ನುಂಗಿದರಾಯಿತಲ್ಲ ಎಂದು ಹಲವರು ಸೂಚಿಸುತ್ತಾರೆ. ಮೊದಲನೆಯದಾಗಿ ‘ಮಿಲ್ಕ್’ನಲ್ಲಿ ನುಂಗಲು ಎಚ್ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಎಚ್ ಇಲ್ಲದ ಇಂಗ್ಲಿಷ್ ಕೇಳಿದೊಡನೆ ಓದುಗನ ಕಣ್ಣ ಮುಂದೆ ಲಂಡನ್ನಿನ ಕೂಲಿಕಾರರ ಬೀದಿ ಬರುತ್ತದೆ, ಅದರ ಬೆನ್ನಿಗೇ ಅಲ್ಲಿ ಆ ಮಾತಿಗೆ ಅಂಟಿಕೊಂಡ ತಾತ್ಸಾರವೂ ಬರುತ್ತದೆ. ಮಂಡ್ಯದ ಹುಡುಗನಿಗೆ ಆ ಭಾರ ಹೊರಿಸುವುದು ಅನ್ಯಾಯ.

ಆದ್ದರಿಂದ ನಾನು ಅಕ್ಷರದ ಬದಲು ತಪ್ಪು ಹುಟ್ಟಿದ ಬಗೆಯನ್ನು ಹಿಂಬಾಲಿಸಿದೆ. ಇಂಗ್ಲಿಷ್ ಮಾತಾಡುವ ಮಗು ಎಲ್ಲಿ ಕೇಳಿಸದ ಅಕ್ಷರವನ್ನು ಬಿಟ್ಟು, ಬೇಡದ ಕಡೆ ಅದನ್ನೇ ಸೇರಿಸುತ್ತದೆ? ದಕ್ಷಿಣ ಇಂಗ್ಲೆಂಡಿನಲ್ಲಿ, ಮುಂದೆ ಸ್ವರ ಬಾರದಿದ್ದರೆ, ಆರ್ ಅನ್ನು ಉಚ್ಚರಿಸುವುದಿಲ್ಲ. ಓದಿದವರ ಮಾತೂ ಹಾಗೆಯೇ ಇರುವುದರಿಂದ ಅದಕ್ಕೆ ಕೀಳೆಂಬ ಮುದ್ರೆ ಇಲ್ಲ. ಅಲ್ಲಿನ ಮಕ್ಕಳು ‘ಸಾ’ ಎಂಬ, ನೋಡಿದೆ ಎನ್ನುವ ಕ್ರಿಯಾಪದವನ್ನು ಎಸ್-ಒ-ಆರ್ ಎಂದು ಬರೆಯುವುದುಂಟು. ಬಿಸಿ ಹಾಲಿನ ‘ವಾರ್ಮ್’ನಲ್ಲಿ ಆರ್ ಬಿಟ್ಟೆ, ಆನೆ ನೋಡಿದ ‘ಸಾ’ಗೆ ಆರ್ ಸೇರಿಸಿದೆ. ‘ಮಿಲ್ಕ್’ ಮತ್ತು ‘ಎಲಿಫೆಂಟ್’ ಪದಗಳನ್ನು ಮುಟ್ಟಲಿಲ್ಲ. ತಪ್ಪು ಪಕ್ಕದ ಪದಕ್ಕೆ ಸರಿದಿದೆ, ಆದರೆ ಬಿಡುವುದು ಮತ್ತು ಸೇರಿಸುವುದು ಎಂಬ ಜೋಡಿ ಉಳಿದಿದೆ.

‘ಬಯ’ ಸುಲಭವಾಗಿ ಒದಗಿತು. ದಿನನಿತ್ಯದ ಮಾತಿನಲ್ಲಿ ಮಹಾಪ್ರಾಣವನ್ನು ಹೆಚ್ಚಿನ ಕನ್ನಡಿಗರು ಉಚ್ಚರಿಸುವುದಿಲ್ಲ. ಆದ್ದರಿಂದ ಆ ತಪ್ಪು ಊರನ್ನು ಹೇಳುವುದಿಲ್ಲ, ಕಿವಿಗೆ ಬೀಳದ ಅಕ್ಷರವನ್ನು ಮಗು ಬರೆದಿಲ್ಲ ಎಂದಷ್ಟೇ ಹೇಳುತ್ತದೆ. ‘ಫ್ರೈಟನ್ಡ್’ ಪದದ ನಡುವೆ ಸುಮ್ಮನೆ ಕುಳಿತಿರುವ ಜಿ-ಎಚ್ ತೆಗೆದೆ, ಅಷ್ಟೆ.

ಎರಡು ಎಚ್ಚರಗಳನ್ನು ಪಾಲಿಸುತ್ತೇನೆ. ಮೂಲಕ್ಕಿಂತ ಒಂದು ತಪ್ಪೂ ಹೆಚ್ಚಾಗಬಾರದು. ಹೆಚ್ಚಾದರೆ ಹುಡುಗ ದಡ್ಡನಂತೆ ಕಾಣುತ್ತಾನೆ. ಮತ್ತು ಮಂಡ್ಯದ ನೆಲದ ಗುರುತು ಹೀಗೆ ದಾಟುವುದಿಲ್ಲವಾದ್ದರಿಂದ, ಪುಟದ ಕೆಳಗೆ ಹಕಾರದ ಸಂಗತಿಯನ್ನು ಎರಡು ಸಾಲಿನಲ್ಲಿ ಬರೆದು, ಪಕ್ಕದಲ್ಲಿ ಮೂಲದ ಚಿತ್ರವನ್ನು ಇಡುತ್ತೇನೆ.

ಅಮೆರಿಕದ ಓದುಗರಿಗಾದರೆ ಈ ಜೋಡಿ ನಡೆಯದು, ಅಲ್ಲಿ ಸಾಮಾನ್ಯವಾಗಿ ಆರ್ ಉಚ್ಚಾರದಲ್ಲಿ ಇದ್ದೇ ಇರುತ್ತದೆ. ಅವರ ಮಕ್ಕಳಿಗೆ ‘ವಾಟರ್’, ‘ಪ್ರಿಟಿ’ ಪದಗಳ ನಡುವಿನ ಟಿ ಬಹುಮಟ್ಟಿಗೆ ಡಿ ಆಗಿ ಕೇಳುತ್ತದೆ. ಪ್ರಿಟಿಯನ್ನು ಡಿ ಹಾಕಿ ಬರೆಯುವುದೂ ಉಂಟು. ಅವರಿಗಾಗಿ ಈ ಪುಟ ಮಾಡುವಾಗ ನಾನು ಆ ಟಿ-ಡಿಗಳಿಂದ ಶುರು ಮಾಡುತ್ತೇನೆ.